ಎರಡು ವರ್ಷದ ಒಳಗಿನ ಮಗುವಿಗೆ ನೆಗಡಿ ಡ್ರಾಪ್ಸ್ ಯಾಕೆ ಬೇಡ, ಬದಲಿಗೆ ಮನೆಯಲ್ಲಿ ಏನು ಮಾಡಬೇಕು

ಮಂಡ್ಯದಲ್ಲಿ ಔಷಧಿ ಅಂಗಡಿ ನಡೆಸುವವರಿಗೆಲ್ಲ ಈ ಮಾತು ಗೊತ್ತು. "ಅಣ್ಣ, ಮಗೂಗೆ ಮೂಗು ಕಟ್ಟಿದೆ, ಒಂದು ನೆಗಡಿ ಡ್ರಾಪ್ಸ್ ಕೊಡಿ." ವಯಸ್ಸು ಎಷ್ಟು ಅಂದರೆ ಎಂಟು ತಿಂಗಳು, ಒಂಬತ್ತು ತಿಂಗಳು. ಡಾಕ್ಟರ್ ಚೀಟಿ ಕೇಳಿದರೆ "ಹೋದ ಸಲ ಇದೇ ಕೊಟ್ಟಿದ್ರು" ಅಂತ ಹಳೇ ಬಾಟಲಿಯ ಫೋಟೋ ತೋರಿಸುತ್ತಾರೆ. ಮಳೆ ಶುರುವಾದರೆ ಒಮ್ಮೆ, ಧನುರ್ಮಾಸದ ಚಳಿಗೆ ಇನ್ನೊಮ್ಮೆ, ಈ ಕೇಳಿಕೆ ಜಾಸ್ತಿಯಾಗುತ್ತದೆ.

ನಾನು ಕೊಡುವುದಿಲ್ಲ. ಬರೀ "ಇಲ್ಲ" ಅಂದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ. ಹಾಗಾಗಿ ಆ ಬಾಟಲಿಯೊಳಗೆ ಏನಿದೆ, ಅದು ಮಗುವಿನ ಮೈಯಲ್ಲಿ ಏನು ಮಾಡುತ್ತದೆ, ಅದರ ಬದಲು ರಾತ್ರಿ ಹನ್ನೊಂದಕ್ಕೆ ಮಗು ಮೂಗು ಕಟ್ಟಿ ಅಳುವಾಗ ಏನು ಮಾಡಬೇಕು, ಇಷ್ಟನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಾಟಲಿಯ ಹಿಂಬದಿ ಓದಿ

ಮಕ್ಕಳ ನೆಗಡಿ ಡ್ರಾಪ್ಸ್ ಅಂತ ಹೆಚ್ಚಾಗಿ ಸಿಗುವುದು ಬಾಯಿಗೆ ಹಾಕುವ ಔಷಧಿಯ 15 ಎಂಎಲ್‌ನ ಪುಟ್ಟ ಬಾಟಲಿ, ಜೊತೆಗೊಂದು ಡ್ರಾಪರ್. ಮುಂಬದಿಯಲ್ಲಿ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ. ನೋಡಬೇಕಾದ್ದು ಹಿಂಬದಿಯ ಸಣ್ಣ ಅಕ್ಷರ. ಅಲ್ಲಿ ಸಾಮಾನ್ಯವಾಗಿ ಎರಡು ಔಷಧಿ ಇರುತ್ತವೆ: ಕ್ಲೋರ್‌ಫೆನಿರಮೈನ್ 2 ಮಿಲಿಗ್ರಾಂ, ಫಿನೈಲೆಫ್ರಿನ್ 5 ಮಿಲಿಗ್ರಾಂ. ಇದು ಇಡೀ ಬಾಟಲಿಯ ಲೆಕ್ಕವಲ್ಲ. ಒಂದೇ ಒಂದು ಎಂಎಲ್‌ನ ಲೆಕ್ಕ.

ಈಗ ದೊಡ್ಡವರ ಲೆಕ್ಕ ನೋಡಿ. ಅರವತ್ತು ಕೆಜಿ ತೂಗುವ ಅಪ್ಪನಿಗೆ ನೆಗಡಿ ಬಂದಾಗ ಒಂದು ಹೊತ್ತಿಗೆ ಕೊಡುವುದು ಕ್ಲೋರ್‌ಫೆನಿರಮೈನ್ 4 ಮಿಲಿಗ್ರಾಂ, ಫಿನೈಲೆಫ್ರಿನ್ 10 ಮಿಲಿಗ್ರಾಂ. ಅಂದರೆ ಆ ಡ್ರಾಪರ್‌ನಲ್ಲಿ ಒಂದು ಎಂಎಲ್ ಎಳೆದರೆ ಅಪ್ಪನ ಅರ್ಧ ಡೋಸ್ ಬಂತು. ಎರಡು ಎಂಎಲ್ ಎಳೆದರೆ ಅಪ್ಪನ ಪೂರ್ತಿ ಡೋಸ್. ಕುಡಿಯುವ ಮಗುವಿನ ತೂಕ ಎಂಟು ಕೆಜಿ. ರಾತ್ರಿ ಮಬ್ಬು ಬೆಳಕಿನಲ್ಲಿ, ಅಳುವ ಮಗುವನ್ನು ಒಂದು ಕೈಯಲ್ಲಿ ಹಿಡಿದು, ಡ್ರಾಪರ್ ಗೆರೆ ತಪ್ಪುವುದು ಎಷ್ಟು ಸುಲಭ ಅಲ್ವಾ? ಅಮ್ಮ ಎಂಟು ಗಂಟೆಗೆ ಕೊಟ್ಟಿದ್ದು ಗೊತ್ತಿಲ್ಲದೆ ಅಜ್ಜಿ ಒಂಬತ್ತಕ್ಕೆ ಇನ್ನೊಮ್ಮೆ ಕೊಡುವುದೂ ಉಂಟು.

ಅಳತೆ ಸರಿಯಾಗಿದ್ದರೂ ಪ್ರಯೋಜನ ಇಲ್ಲ. ನೆಗಡಿ ಬರುವುದು ವೈರಸ್‌ನಿಂದ, ಅದರ ಮೇಲೆ ಈ ಎರಡಕ್ಕೂ ಹಿಡಿತವಿಲ್ಲ. ಕ್ಲೋರ್‌ಫೆನಿರಮೈನ್ ಅಲರ್ಜಿಯ ಔಷಧಿ. ಪುಟ್ಟ ಮಕ್ಕಳ ನೆಗಡಿ ಇದರಿಂದ ಬೇಗ ವಾಸಿಯಾಗುವುದಿಲ್ಲ. ಸಿಂಬಳ ಒಣಗಿ ಗಟ್ಟಿಯಾಗುತ್ತದೆ, ಮಗುವಿಗೆ ಮಂಪರು ಹತ್ತುತ್ತದೆ. ಕೆಲವು ಮಕ್ಕಳಿಗೆ ತದ್ವಿರುದ್ಧವಾಗಿ ರಾತ್ರಿಯಿಡೀ ನಿದ್ದೆಯಿಲ್ಲದೆ ಕಿರಿಕಿರಿ. ಫಿನೈಲೆಫ್ರಿನ್ ರಕ್ತನಾಳ ಬಿಗಿ ಮಾಡುವ ಔಷಧಿ, ಎದೆಬಡಿತ, ಬಿಪಿ ಏರುಪೇರು ಮಾಡುತ್ತದೆ. ಬಾಯಿಂದ ಕುಡಿದ ಫಿನೈಲೆಫ್ರಿನ್ ದೊಡ್ಡವರ ಕಟ್ಟಿದ ಮೂಗನ್ನೂ ಬಿಡಿಸುವುದಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿಯೇ 2023ರಲ್ಲಿ ಹೇಳಿತು.

ಆ ಮಂಪರಿನ ಬಗ್ಗೆ ಇನ್ನೊಂದು ಮಾತು. "ಡ್ರಾಪ್ಸ್ ಹಾಕಿದ ಮೇಲೆ ಚೆನ್ನಾಗಿ ಮಲಗಿತು, ಕೆಲಸ ಮಾಡಿತು" ಅಂತ ಬಹಳ ಜನ ಹೇಳುತ್ತಾರೆ. ಆದರೆ ಮಗು ನಿಜಕ್ಕೂ ಹುಷಾರು ತಪ್ಪಿದೆ ಅನ್ನುವ ಮೊದಲ ಗುರುತೇ ಹೆಚ್ಚು ಮಲಗುವುದು, ಹಾಲು ಬಿಡುವುದು. ಮಲಗಿದ್ದು ಔಷಧಿಯಿಂದಲೋ, ನ್ಯುಮೋನಿಯಾ ಶುರುವಾಗಿಯೋ ಅಂತ ನಿಮಗೂ ಗೊತ್ತಾಗುವುದಿಲ್ಲ, ನೋಡುವ ಡಾಕ್ಟರಿಗೂ ಕಷ್ಟ. ನನ್ನನ್ನು ಎಲ್ಲಕ್ಕಿಂತ ಹೆದರಿಸುವುದು ಇದೇ.

ಕೆಮ್ಮಿನ ಸಿರಪ್‌ನದೂ ಹೆಚ್ಚು ಕಡಿಮೆ ಇದೇ ಕಥೆ. ಎಳೆ ಮಗುವಿಗೆ ಕ್ಯಾಕರಿಸಿ ಉಗಿಯಲು ಬರುವುದಿಲ್ಲ. ಕಫ ಮೇಲೆ ಬರಬೇಕಾದರೆ ಕೆಮ್ಮಲೇಬೇಕು. ಕೆಮ್ಮು ಅಡಗಿಸುವ ಡೆಕ್ಸ್‌ಟ್ರೋಮೆಥಾರ್ಫಾನ್ ಜಾಸ್ತಿಯಾದರೆ ಮಗುವಿನ ಉಸಿರಾಟವೇ ಮಂದವಾಗಬಹುದು. 2021ರಲ್ಲಿ ದೆಹಲಿಯಲ್ಲಿ ಈ ಸಿರಪ್ ಕುಡಿದು ಮೂರು ಮಕ್ಕಳು ತೀರಿಕೊಂಡರು.

ಸರ್ಕಾರ ಹೇಳಿರುವುದು ಏನು

ಮೇಲೆ ಹೇಳಿದ ಎರಡು ಔಷಧಿಯ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಅಂತ ಲೇಬಲ್ ಮೇಲೆ ಮುದ್ರಿಸಲು 2023ರ ಡಿಸೆಂಬರ್‌ನಲ್ಲೇ ದೇಶದ ಔಷಧ ಮಹಾನಿಯಂತ್ರಕರು ಕಂಪನಿಗಳಿಗೆ ಸೂಚಿಸಿದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಇನ್ನೂ ಸ್ಪಷ್ಟವಾಗಿ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧಿ ಬರೆಯಲೂ ಬಾರದು, ಕೊಡಲೂ ಬಾರದು. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ.

ಆ ಹೊತ್ತಿಗೆ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ಸಾಯುತ್ತಿದ್ದರು. ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಸೇರಿತ್ತು. ಇದರಿಂದಾಗಿ "ಅದು ಕಲಬೆರಕೆ ಮಾಲು, ನಾವು ಒಳ್ಳೇ ಕಂಪನಿದೇ ತಗೋತೀವಿ" ಅನ್ನುವ ಮಾತು ಈಗ ಅಂಗಡಿಯಲ್ಲಿ ಕೇಳಿಬರುತ್ತದೆ. ಕಲಬೆರಕೆ ಬೇರೆಯೇ ಅಪಾಯ. ನಾನು ಇಲ್ಲಿಯವರೆಗೆ ಬರೆದದ್ದೆಲ್ಲ ಒಂದಿಷ್ಟೂ ಕಲಬೆರಕೆ ಇಲ್ಲದ, ಒಳ್ಳೇ ಕಂಪನಿಯ ಔಷಧಿಯ ಬಗ್ಗೆಯೇ.

ಹಂತ 1: ಮೂಗು ಬಿಡಿಸಿ

ಎಳೆ ಮಗು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಹಾಲು ಚೀಪಲು ಆಗುವುದಿಲ್ಲ. ಎರಡು ಗುಟುಕು ಎಳೆದು, ಬಿಟ್ಟು, ಅಳುತ್ತದೆ. ಹೊಟ್ಟೆ ತುಂಬದೆ ನಿದ್ದೆಯೂ ಬರುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಮೂಗನ್ನೇ.

ಬೇಕಾದ್ದು ಉಪ್ಪುನೀರಿನ ಡ್ರಾಪ್ಸ್, ಅಂದರೆ ಸಲೈನ್ ನೇಸಲ್ ಡ್ರಾಪ್ಸ್. ಬೆಲೆ ಕಡಿಮೆ, ಚೀಟಿ ಬೇಡ. ಕೊಳ್ಳುವಾಗ ಒಂದು ಎಚ್ಚರ. "ಮೂಗಿನ ಡ್ರಾಪ್ಸ್" ಅಂತಷ್ಟೇ ಕೇಳಬೇಡಿ. ಅದೇ ಅಳತೆಯ ಬಾಟಲಿಯಲ್ಲಿ ಝೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಅನ್ನುವ ಮೂಗು ಬಿಡಿಸುವ ಔಷಧಿಯೂ ಬರುತ್ತದೆ. ಎಳೆ ಮಗುವಿಗೆ ಅದು ಹಾಕಿದರೆ ಮಂಪರು, ಎದೆಬಡಿತ ಇಳಿಯುವುದು, ಉಸಿರು ನಿಧಾನವಾಗುವುದು ಆಗಬಹುದು. ಲೇಬಲ್ ಮೇಲೆ ಸೋಡಿಯಂ ಕ್ಲೋರೈಡ್ ಅಂತ ಮಾತ್ರ ಇರಬೇಕು. ಹೆಚ್ಚಾಗಿ ಸಿಗುವುದು 0.65 ಶೇಕಡಾದ್ದು.

ಹಾಕುವ ಕ್ರಮ ಹೀಗಿದೆ. ಹಾಲು ಕುಡಿಸುವುದಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಮಗುವನ್ನು ಅಂಗಾತ ಮಲಗಿಸಿ. ಭುಜದ ಕೆಳಗೆ ಒಂದು ಟವೆಲ್ ಮಡಚಿಟ್ಟರೆ ತಲೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಕೈ ಆಡಿಸುವ ಮಗುವಾದರೆ ಮೆತ್ತನೆ ಬಟ್ಟೆಯಲ್ಲಿ ಕೈ ಸೇರಿಸಿ ಸುತ್ತಿ. ಒಂದೊಂದು ಹೊಳ್ಳೆಗೆ ಎರಡು ಹನಿ ಬಿಡಿ. ಬಾಟಲಿಯ ತುದಿ ಮೂಗಿಗೆ ತಾಗದಿರಲಿ. ಒಂದು ನಿಮಿಷ ಸುಮ್ನೆ ಕಾಯಿರಿ. ಸೀನು ಬರುತ್ತದೆ, ಕೆಲವೊಮ್ಮೆ ಕೆಮ್ಮುತ್ತದೆ, ಗಾಬರಿ ಬೇಡ. ಒಣಗಿದ ಸಿಂಬಳ ನೆಂದು ತಾನಾಗೇ ಹೊರಗೆ ಬರುತ್ತದೆ, ಇಲ್ಲವೇ ಒಳಗೆ ಇಳಿದುಹೋಗುತ್ತದೆ. ನುಂಗಿದರೂ ತೊಂದರೆಯಿಲ್ಲ.

ಬಂದಿದ್ದನ್ನು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಇನ್ನೂ ಕಟ್ಟಿದ್ದರೆ ಸಿಂಬಳ ಎಳೆಯುವ ರಬ್ಬರ್ ಬಲ್ಬ್ ಬಳಸಬಹುದು. ಮೊದಲು ಹೊರಗಡೆಯೇ ಬಲ್ಬ್ ಅದುಮಿ ಹಿಡಿಯಿರಿ, ತುದಿಯನ್ನು ಹೊಳ್ಳೆಯ ಬಾಯಿಗಷ್ಟೇ ಇಡಿ, ಆಮೇಲೆ ನಿಧಾನಕ್ಕೆ ಕೈ ಸಡಿಲಿಸಿ. ಮೂಗಿಗೆ ಇಟ್ಟ ಮೇಲೆ ಅದುಮಿದರೆ ಸಿಂಬಳ ಒಳಕ್ಕೇ ಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲಕ್ಕಿಂತ ಜಾಸ್ತಿ ಎಳೆಯಬೇಡಿ, ಒಳಚರ್ಮ ಊದಿಕೊಂಡು ಮೂಗು ಇನ್ನಷ್ಟು ಕಟ್ಟುತ್ತದೆ, ರಕ್ತವೂ ಬರಬಹುದು. ಹಳ್ಳಿಯಲ್ಲಿ ಕೆಲವರು ಬಾಯಿ ಇಟ್ಟು ಸಿಂಬಳ ಹೀರುತ್ತಾರೆ. ಬೇಡ, ಸೋಂಕು ಎರಡೂ ಕಡೆಗೆ ದಾಟುತ್ತದೆ.

ಹಂತ 2: ಸ್ವಲ್ಪ ಸ್ವಲ್ಪ, ಪದೇ ಪದೇ

ಆರು ತಿಂಗಳ ಒಳಗಿನ ಮಗುವಿಗೆ ಎದೆಹಾಲು ಬಿಟ್ಟರೆ ಬೇರೇನೂ ಬೇಡ. ನೀರೂ ಬೇಡ, ಕಷಾಯವೂ ಬೇಡ. ಒಂದೇ ಸಲ ಪೂರ್ತಿ ಕುಡಿಯದಿದ್ದರೆ ಗಂಟೆಗೋ ಎರಡು ಗಂಟೆಗೋ ಒಮ್ಮೆ ಎದೆಗೆ ಹಾಕಿ. ಆರು ತಿಂಗಳು ದಾಟಿದ ಮಗುವಿಗೆ ಎದೆಹಾಲಿನ ಜೊತೆ ಉಗುರುಬೆಚ್ಚನೆ ನೀರು, ಬೇಳೆಕಟ್ಟು, ತೆಳ್ಳಗೆ ಕಾಸಿದ ರಾಗಿ ಸರಿ ಕೊಡಬಹುದು. ಎರಡು ದಿನ ಊಟ ಕಡಿಮೆಯಾದರೆ ಚಿಂತೆಯಿಲ್ಲ. ನೋಡಬೇಕಾದ್ದು ಉಚ್ಚೆ. ದಿನಕ್ಕೆ ಮಾಮೂಲಾಗಿ ಎಷ್ಟು ಸಲ ಮಾಡುತ್ತಿತ್ತೋ ಅದರ ಅರ್ಧಕ್ಕಿಂತ ಕಡಿಮೆಯಾದರೆ ಡಾಕ್ಟರಿಗೆ ತೋರಿಸಿ.

ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧ ಟೀ ಚಮಚ ಜೇನುತುಪ್ಪ ಕೊಟ್ಟರೆ ರಾತ್ರಿಯ ಕೆಮ್ಮು ತಗ್ಗುತ್ತದೆ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಕೂಡದು, ನಾಲಿಗೆಗೆ ಸವರುವುದೂ ಕೂಡದು. ಜೇನಿನಲ್ಲಿ ಕೆಲವೊಮ್ಮೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ಎಳೆ ಕರುಳಿನಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಮಗುವಿನ ಮೈ ಸೋತು ಜೋಲುತ್ತದೆ, ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಕಾಯಿಸಿದರೂ ಆ ಬೀಜಕಣ ಸಾಯುವುದಿಲ್ಲ. ನಮ್ಮ ಕಡೆ ದೊಡ್ಡಪತ್ರೆ ರಸ, ತುಳಸಿ ರಸ ಎರಡಕ್ಕೂ ಜೇನು ಬೆರೆಸಿಯೇ ಕೊಡುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಂತ 3: ಜ್ವರ ಇದ್ದರೆ ಮಾತ್ರ ಪ್ಯಾರಾಸಿಟಮಾಲ್, ಅದೂ ತೂಕ ನೋಡಿ

ಮೂರು ತಿಂಗಳ ಒಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಮನೆಮದ್ದೂ ಇಲ್ಲ, ಡ್ರಾಪ್ಸೂ ಇಲ್ಲ. ನೇರ ಆಸ್ಪತ್ರೆ. ಅದಕ್ಕಿಂತ ದೊಡ್ಡ ಮಗುವಿಗೆ ಜ್ವರದಿಂದ ಸಂಕಟ ಆಗುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದು. ಒಂದು ಹೊತ್ತಿಗೆ, ಒಂದು ಕೆಜಿ ತೂಕಕ್ಕೆ ಹೆಚ್ಚೆಂದರೆ 15 ಮಿಲಿಗ್ರಾಂ. ಎರಡು ಡೋಸ್ ನಡುವೆ ಆರು ಗಂಟೆ ಬಿಡಿ. ದಿನಕ್ಕೆ ನಾಲ್ಕು ಸಲ ದಾಟಬೇಡಿ.

ಎಂಟು ಕೆಜಿ ಮಗುವಿಗೆ ಲೆಕ್ಕ ಹಾಕೋಣ. ಎಂಟು ಹದಿನೈದಲೆ 120 ಮಿಲಿಗ್ರಾಂ. ಈಗ ನಿಮ್ಮ ಕೈಯಲ್ಲಿರುವ ಬಾಟಲಿ ಯಾವುದು ಅಂತ ನೋಡಿ. ಡ್ರಾಪ್ಸ್ ಆದರೆ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ, ಹಾಗಾಗಿ 1.2 ಎಂಎಲ್. ಐದು ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಎಂಎಲ್. ಐದು ಎಂಎಲ್‌ನಲ್ಲಿ 250 ಇರುವ ಸಿರಪ್ ಆದರೆ 2.4 ಎಂಎಲ್. ಮೂರಕ್ಕೂ ಪ್ಯಾರಾಸಿಟಮಾಲ್ ಅಂತಲೇ ಹೆಸರು. "ಹೋದ ಸಲ ಐದು ಎಂಎಲ್ ಕೊಟ್ಟಿದ್ದೆ" ಅನ್ನುವ ನೆನಪಿನ ಮೇಲೆ ಡ್ರಾಪ್ಸ್ ಬಾಟಲಿಯಿಂದ ಐದು ಎಂಎಲ್ ಎಳೆದರೆ 500 ಮಿಲಿಗ್ರಾಂ ಆಯಿತು, ದೊಡ್ಡವರ ಒಂದು ಮಾತ್ರೆ! ಇದು ಲಿವರ್‌ಗೆ ಅಪಾಯ. ಊಟದ ಚಮಚದಲ್ಲಿ ಅಳೆಯಬೇಡಿ, ಬಾಟಲಿಯ ಜೊತೆ ಕೊಟ್ಟ ಡ್ರಾಪರ್ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ. ಕೆಲವು ನೆಗಡಿ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಎರಡನ್ನೂ ಕೊಟ್ಟರೆ ಗೊತ್ತಿಲ್ಲದೇ ಡಬಲ್ ಆಗುತ್ತದೆ.

ಇವು ಬೇಡ

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ ಹಚ್ಚುವುದು ಮೈಸೂರು, ಮಂಡ್ಯ ಕಡೆ ಮನೆಮನೆಯಲ್ಲೂ ಇದೆ. ಅಜ್ಜಿಯರ ಪ್ರೀತಿಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಕರ್ಪೂರ ಎಳೆ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಮಗುವಿಗೆ ಫಿಟ್ಸ್ ತರಬಲ್ಲದು. ಕರ್ಪೂರ ಇರುವ ಮುಲಾಮುಗಳೂ, ನೀಲಗಿರಿ ಎಣ್ಣೆಯೂ ಎರಡು ವರ್ಷದೊಳಗೆ ಬೇಡ. ಅಜ್ಜಿಗೆ ಹಚ್ಚಲೇಬೇಕು ಅನಿಸಿದರೆ ಕರ್ಪೂರ ಹಾಕದ ಬರೀ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಎದೆ ಬೆನ್ನಿಗೆ ಸವರಲಿ, ಅದರಿಂದ ತೊಂದರೆಯಿಲ್ಲ. ಮೂಗಿಗೆ ಎಣ್ಣೆ ಬಿಡಬಾರದು, ಅದು ಶ್ವಾಸಕೋಶಕ್ಕೆ ಇಳಿದರೆ ಬೇರೆ ಥರದ ನ್ಯುಮೋನಿಯಾ ಆಗುತ್ತದೆ.

ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ನೆಗಡಿ ಇರುವಾಗಲಾದರೂ ನಿಲ್ಲಿಸಿ. ಊದಿಕೊಂಡ ಶ್ವಾಸನಾಳಕ್ಕೆ ಹೊಗೆ ಯಾವುದಾದರೂ ಹೊಗೆಯೇ. ಬಿಸಿನೀರಿನ ಹಬೆ ಹಿಡಿಸುವಾಗ ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳು ಬಹಳ, ಲಾಭ ಮಾತ್ರ ಇಲ್ಲ. ಬಜೆ ತೇಯ್ದು ನೆಕ್ಕಿಸುವುದೂ ಬೇಡ, ವಾಂತಿ ತರುತ್ತದೆ.

ಹಂತ 4: ಉಸಿರು ಎಣಿಸಿ

ಔಷಧಿ ಇಲ್ಲದೆ ಕಾಯುವ ಧೈರ್ಯ ಬರುವುದು ಇದು ಗೊತ್ತಿದ್ದರೆ ಮಾತ್ರ. ಮಗು ಮಲಗಿರುವಾಗ ಅಥವಾ ಅಳದೆ ಸಮಾಧಾನವಾಗಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ, ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಫೋನಿನಲ್ಲಿ ಟೈಮರ್ ಇಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪು ಬರುತ್ತದೆ, ಎಳೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ.

ಎರಡು ತಿಂಗಳ ಒಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳು ತುಂಬಿದ್ದು ಒಂದು ವರ್ಷ ತುಂಬುವವರೆಗೆ 50 ಅಥವಾ ಜಾಸ್ತಿ, ಒಂದು ವರ್ಷ ತುಂಬಿದ ಮೇಲೆ 40 ಅಥವಾ ಜಾಸ್ತಿ ಬಂದರೆ ಅದು ವೇಗದ ಉಸಿರು. ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಉಸಿರು ಒಳಗೆ ಎಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಅಂದರೆ ಪಕ್ಕೆ ಸೆಳೆಯುತ್ತಿದ್ದರೆ, ಎಣಿಸುತ್ತಾ ಕೂರಬೇಡಿ.

ಮಳವಳ್ಳಿ ಕಡೆಯ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಒಂಬತ್ತು ತಿಂಗಳ, ಎಂಟು ಕೆಜಿಯ ಹುಡುಗಿ. ಮೊದಲ ದಿನ ಮೂಗು ಸೋರಿತು, ಸಂಜೆ 100.8 ಜ್ವರ. ಪ್ಯಾರಾಸಿಟಮಾಲ್ ಡ್ರಾಪ್ಸ್ 1.2 ಎಂಎಲ್ ಕೊಟ್ಟರು, ಸಲೈನ್ ಹಾಕಿದರು. ಎರಡನೇ ರಾತ್ರಿ ಮೂಗು ಪೂರ್ತಿ ಕಟ್ಟಿ ಹಾಲು ಬಿಟ್ಟಳು. ಅಜ್ಜಿ ಹಳೇ ನೆಗಡಿ ಡ್ರಾಪ್ಸ್ ತೆಗೆದರು. ತಾಯಿ ನನಗೆ ಫೋನ್ ಮಾಡಿದರು. ಉಸಿರು ಎಣಿಸಿ ಅಂದೆ. ಅಳುವಾಗ 56 ಬಂತು. ಅದು ಲೆಕ್ಕಕ್ಕಿಲ್ಲ, ಮಲಗಿದ ಮೇಲೆ ಎಣಿಸಿ ಅಂದೆ. ಸಲೈನ್ ಹಾಕಿ, ಹತ್ತು ನಿಮಿಷ ಬಿಟ್ಟು ಎದೆಗೆ ಹಾಕಿದರು. ಐದೇ ನಿಮಿಷ ಕುಡಿದಳು, ಮಲಗಿದಳು. ಆಗ ಎಣಿಸಿದರೆ 44. ಪಕ್ಕೆ ಸೆಳೆತ ಇಲ್ಲ. ಅವಳ ವಯಸ್ಸಿಗೆ 50ರ ಒಳಗೆ, ಸರಿ. ಅದೇ 44 ಹದಿನಾಲ್ಕು ತಿಂಗಳ ಮಗುವಿಗೆ ಬಂದಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕಿತ್ತು.

ಮೂರು, ನಾಲ್ಕನೇ ದಿನ ಕೆಮ್ಮು ಜಾಸ್ತಿಯಾಯಿತು. ಎಳೆ ಮಕ್ಕಳ ನೆಗಡಿ ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೇ ಏರುವುದು, ಬಹಳ ಜನ ಔಷಧಿ ಅಂಗಡಿಗೆ ಓಡುವುದೂ ಆಗಲೇ. ಬೆಳಗ್ಗೆ, ರಾತ್ರಿ ಎರಡು ಹೊತ್ತು ಎಣಿಸುತ್ತಾ ಬಂದರು, 42, 46, 40. ಆರನೇ ದಿನ ಮೂಗು ಬಿಟ್ಟಿತು. ಕೆಮ್ಮು ಮಾತ್ರ ಎರಡು ವಾರ ಉಳಿಯಿತು. ಆಟ, ಊಟ ಸರಿಯಿದ್ದರೆ ಕೆಮ್ಮು ಎರಡು ಮೂರು ವಾರ ಎಳೆಯುವುದು ಮಾಮೂಲು. ಮೂರು ವಾರ ದಾಟಿದರೆ ತೋರಿಸಿ.

ಹಂತ 5: ಕಾಯಬಾರದ ಹೊತ್ತು

ಪಕ್ಕೆ ಸೆಳೆತ, ಸುಮ್ಮನಿದ್ದಾಗಲೂ ಉಸಿರಿನ ಜೊತೆ ಗೊರಗೊರ ಸದ್ದು, ತುಟಿ ನಾಲಿಗೆ ನೀಲಿಗಟ್ಟುವುದು, ಉಸಿರು ನಿಂತು ನಿಂತು ಬರುವುದು, ಹಾಲು ಪೂರ್ತಿ ಬಿಡುವುದು, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್. ಇವುಗಳಲ್ಲಿ ಒಂದೇ ಇದ್ದರೂ 108ಕ್ಕೆ ಫೋನ್ ಮಾಡಿ. ಮಂಡ್ಯದವರಿಗೆ ಮಿಮ್ಸ್ ಇದೆ, ಮೈಸೂರಿನವರಿಗೆ ಚೆಲುವಾಂಬ ಆಸ್ಪತ್ರೆ ಇದೆ. ಊರಿನ ಆಶಾ ಕಾರ್ಯಕರ್ತೆಗೆ ಉಸಿರು ಎಣಿಸುವ ತರಬೇತಿ ಇರುತ್ತದೆ, ಅನುಮಾನ ಬಂದರೆ ಕರೆಸಿ.

ಈಗಾಗಲೇ ನೆಗಡಿ ಡ್ರಾಪ್ಸ್ ಕೊಟ್ಟುಬಿಟ್ಟಿದ್ದೀರಾ? ಇನ್ನೊಂದು ಡೋಸ್ ಕೊಡಬೇಡಿ. ಎಷ್ಟು ಕೊಟ್ಟಿದ್ದು, ಎಷ್ಟು ಹೊತ್ತಿಗೆ ಅಂತ ಬರೆದಿಟ್ಟು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಅಳತೆ ಮೀರಿ ಹೋಗಿದ್ದರೆ, ಅಥವಾ ಮಗು ವಿಪರೀತ ಮಂಪರಾದರೆ, ಎದೆ ಡವಡವ ಹೊಡೆದುಕೊಂಡರೆ, ಉಚ್ಚೆ ನಿಂತರೆ ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನು ಎಸೆಯದೆ ಜೊತೆಗೆ ಒಯ್ಯಿರಿ, ಅದರಲ್ಲಿ ಏನಿದೆ, ಬ್ಯಾಚ್ ನಂಬರ್ ಏನು ಅಂತ ಡಾಕ್ಟರ್ ನೋಡಬೇಕಾಗುತ್ತದೆ.

ಡಾಕ್ಟರೇ ಚೀಟಿಯಲ್ಲಿ ನೆಗಡಿ ಡ್ರಾಪ್ಸ್ ಬರೆದರೆ ಸಂಕೋಚ ಬೇಡ, ಅಲ್ಲೇ ಕೇಳಿ: "ಡಾಕ್ಟ್ರೇ, ಮಗೂಗೆ ಇನ್ನೂ ಎರಡು ವರ್ಷ ಆಗಿಲ್ಲ, ಇದು ಬೇಕೇ ಬೇಕಾ? ಸಲೈನ್ ಸಾಕಾಗಲ್ವಾ?" ಹೊರಡುವ ಮುಂಚೆ ಮಗುವಿನ ಇವತ್ತಿನ ತೂಕವನ್ನೂ ಚೀಟಿಯ ಮೇಲೆ ಬರೆಸಿಕೊಳ್ಳಿ. ಮುಂದೆ ಜ್ವರ ಬಂದ ರಾತ್ರಿ ಲೆಕ್ಕ ಹಾಕಲು ಅದೇ ಬೇಕಾಗುವುದು.